ಲಂಬ ಅಸಿಂಪ್ಟೋಟ್‌ನ ಎಡಕ್ಕೆ ಏನು, ಬಲಕ್ಕೆ ಏನು: +∞ ಅಥವಾ −∞ ಎಂದು ತೀರ್ಮಾನಿಸುವ ಕ್ರಮ

ಛೇದ ಎಲ್ಲಿ ಸೊನ್ನೆಯಾಗುತ್ತದೆ ಎಂದು ಹುಡುಕುವವರೆಗೆ ಹೆಚ್ಚಿನವರ ಲೆಕ್ಕ ಸರಿಯಾಗಿಯೇ ಸಾಗುತ್ತದೆ. ಎಡವುವುದು ಅದರ ಮುಂದಿನ ಪ್ರಶ್ನೆಯಲ್ಲಿ: ಆ ಗೆರೆಯ ಹತ್ತಿರ ನಕ್ಷೆ ಮೇಲಕ್ಕೆ ಹೋಗುತ್ತದೋ ಕೆಳಕ್ಕೆ ಹೋಗುತ್ತದೋ? ಇಲ್ಲಿ ಅಂದಾಜಿನ ಮೇಲೆ ಒಂದು ಕಡೆ +∞, ಇನ್ನೊಂದು ಕಡೆ −∞ ಎಂದು ಬರೆದುಬಿಡುವುದು ರೂಢಿಯಾಗಿದೆ. ಆ ಅಂದಾಜು ಕೆಲವೊಮ್ಮೆ ಸರಿಹೋಗುವುದರಿಂದಲೇ ತಪ್ಪು ಬಹಳ ದಿನ ಬಯಲಿಗೆ ಬರುವುದಿಲ್ಲ.

ಮೂಲ ಸಂಗತಿ ಇಷ್ಟೇ. ಅಂಶ ಸೊನ್ನೆಯಲ್ಲದ ಒಂದು ಸಂಖ್ಯೆಯ ಹತ್ತಿರ ನಿಂತಿರುವಾಗ ಛೇದ ಸೊನ್ನೆಯ ಕಡೆಗೆ ಕುಗ್ಗಿದರೆ, ಭಾಗಲಬ್ಧದ ಗಾತ್ರ ಮಿತಿಯಿಲ್ಲದೆ ಬೆಳೆಯುತ್ತದೆ. ಗಾತ್ರದ ಬಗ್ಗೆ ಮತ್ತೆ ಯೋಚಿಸಬೇಕಾಗಿಲ್ಲ. ಉಳಿಯುವುದು ಚಿಹ್ನೆ ಮಾತ್ರ. ಹಾಗಾಗಿ ಈ ಕೆಲಸವೆಲ್ಲ ಚಿಹ್ನೆ ಎಣಿಸುವ ಕೆಲಸ.

ಒಂದೇ ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸೋಣ. ಸಾಮಾನ್ಯವಾಗಿ ಕಾಲು ಜಾರುವ ಜಾಗಗಳೆಲ್ಲ ಇದರಲ್ಲಿ ಸಿಗುತ್ತವೆ.

```
f(x) = (x² − 6x + 5) / [ (−x² + 4x − 3)(x² + 4x + 4) ]
```

## ಕೈಯಲ್ಲಿ ಏನಿರಬೇಕು

ಹಾಳೆ, ಪೆನ್ಸಿಲ್, ಒಂದು ಸಂಖ್ಯಾರೇಖೆ, ಚಿಹ್ನೆಗಳನ್ನು ತುಂಬಲು ಒಂದು ಸಣ್ಣ ಕೋಷ್ಟಕ. ಕ್ಯಾಲ್ಕುಲೇಟರ್ ಇದ್ದರೆ ಕೊನೆಯಲ್ಲಿ ತಾಳೆ ನೋಡಲು ಬರುತ್ತದೆ, ಆದರೆ ಉತ್ತರವನ್ನು ಅದರಿಂದಲೇ ಹುಡುಕಲು ಹೊರಡಬೇಡಿ. ಕಾರಣ 6ನೇ ಹಂತದಲ್ಲಿದೆ.

## 1. ಅಂಶ, ಛೇದ ಎರಡನ್ನೂ ಪೂರ್ತಿ ಅಪವರ್ತಿಸಿ

ಬಿಡಿಸಿಟ್ಟ ಬಹುಪದೋಕ್ತಿಯಲ್ಲಿ ಚಿಹ್ನೆ ಕಣ್ಣಿಗೆ ಕಾಣುವುದಿಲ್ಲ. x ಮೂರಕ್ಕಿಂತ ಸ್ವಲ್ಪ ಕಡಿಮೆ ಇದ್ದಾಗ −x² + 4x − 3 ಧನವೋ ಋಣವೋ ಎಂದು ನೋಡಿದೊಡನೆ ಹೇಳುವುದು ಕಷ್ಟ. ಅದನ್ನೇ (x − 1)(3 − x) ಎಂದು ಬರೆದರೆ ಪ್ರಶ್ನೆ ತಾನಾಗಿ ಎರಡು ಸುಲಭ ತುಂಡುಗಳಾಗುತ್ತದೆ.

```
ಅಂಶ:  x² − 6x + 5 = (x − 1)(x − 5)
ಛೇದ:  (x − 1)(3 − x)(x + 2)²
```

ಇಲ್ಲಿ (3 − x) ಎಂಬುದನ್ನು ಎಚ್ಚರದಿಂದ ನೋಡಿ. −x² ಮುಂದಿರುವ ಋಣ ಚಿಹ್ನೆಯನ್ನು ಮರೆತು (x − 1)(x − 3) ಎಂದು ಬರೆದವರ ಪಾಲಿಗೆ ಮುಂದಿನ ಎಲ್ಲ ಉತ್ತರಗಳೂ ತಲೆಕೆಳಗಾಗುತ್ತವೆ, ಆದರೆ ಲೆಕ್ಕ ಎಲ್ಲೂ ಕಟ್ಟಿಹೋಗದೆ ಸರಾಗವಾಗಿಯೇ ನಡೆಯುತ್ತದೆ. ಅಪವರ್ತಿಸಿದ ಮೇಲೆ x = 0 ಹಾಕಿ ಎರಡೂ ರೂಪಗಳ ಬೆಲೆ ಒಂದೇ ಬರುತ್ತದೆಯೇ ನೋಡಿ. ಮೂಲದಲ್ಲಿ −3, ಅಪವರ್ತಿಸಿದ್ದರಲ್ಲಿ (−1)(3) = −3. ಸರಿ. ತಪ್ಪು ರೂಪದಲ್ಲಿ (−1)(−3) = 3 ಬರುತ್ತಿತ್ತು, ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು.

## 2. ಎರಡೂ ಕಡೆ ಇರುವುದನ್ನು ಹೊಡೆದುಹಾಕಿ, ನಿಜವಾದ ಅಸಿಂಪ್ಟೋಟ್‌ಗಳನ್ನು ಉಳಿಸಿಕೊಳ್ಳಿ

ಛೇದ ಸೊನ್ನೆಯಾಗುವುದು x = 1, x = 3, x = −2 ಎಂಬ ಮೂರು ಕಡೆ. ಹಾಗೆಂದು ಮೂರೂ ಅಸಿಂಪ್ಟೋಟ್ ಅಲ್ಲ. (x − 1) ಮೇಲೆಯೂ ಇದೆ, ಕೆಳಗೂ ಇದೆ. ಅದು ಹೊಡೆದುಹೋಗುತ್ತದೆ:

```
f(x) = (x − 5) / [ (3 − x)(x + 2)² ],   x ≠ 1
```

x = 1ರ ಹತ್ತಿರ ಬೆಲೆ (−4)/(2 · 9) = −2/9 ಕಡೆಗೆ ಹೋಗುತ್ತದೆ. ನಕ್ಷೆಯಲ್ಲಿ ಅಲ್ಲಿ ಒಂದು ತೂತು ಇದೆ, ಅಷ್ಟೇ. ಅಲ್ಲಿ ±∞ ಎಂದು ಬರೆದರೆ ತಪ್ಪು. ಗುರುತು ಸುಲಭ: ಬಿಂದುವನ್ನು ಮೂಲ ರೂಪದಲ್ಲಿ ಹಾಕಿದಾಗ ಮೇಲೆ ಕೆಳಗೆ ಎರಡೂ ಸೊನ್ನೆಯಾದರೆ ಇನ್ನೂ ಏನನ್ನೂ ತೀರ್ಮಾನಿಸಬೇಡಿ, ಹೊಡೆದುಹಾಕುವ ಕೆಲಸ ಬಾಕಿ ಇದೆ. ಸೊನ್ನೆಯಲ್ಲದ ಸಂಖ್ಯೆಯ ಕೆಳಗೆ ಸೊನ್ನೆ ಬಂದಾಗ ಮಾತ್ರ ಮುಂದಿನ ಹಂತಕ್ಕೆ ಹೋಗಿ.

ಹೊಡೆದ ಮೇಲೂ ಕೆಳಗೆ ಏನಾದರೂ ಉಳಿಯಬಹುದು ಎಂಬುದನ್ನು ಮರೆಯಬಾರದು. ಉದಾಹರಣೆಗೆ (x − 2)/(x − 2)³ ಎಂಬುದರಲ್ಲಿ ಒಂದು ಅಪವರ್ತನ ಹೋಗಿ 1/(x − 2)² ಉಳಿಯುತ್ತದೆ. ಅಲ್ಲಿ ಅಸಿಂಪ್ಟೋಟ್ ಇದೆ, ಆದರೆ ಲೆಕ್ಕಕ್ಕೆ ಬರುವ ಘಾತ 3 ಅಲ್ಲ, 2. ಉಳಿದ ಘಾತವನ್ನೇ ನೋಡಬೇಕು.

## 3. ಎಡ ಯಾವುದು, ಬಲ ಯಾವುದು ಎಂದು ಮೊದಲೇ ಬರೆದುಕೊಳ್ಳಿ

x → 3⁻ ಎಂದರೆ ಮೂರಕ್ಕಿಂತ ಕಡಿಮೆ ಬೆಲೆಗಳಿಂದ, ಅಂದರೆ 2.9, 2.99 ಎಂದು ಮೂರರ ಕಡೆಗೆ ಬರುವುದು. ಮೇಲೆ ಇರುವ ಆ ಸಣ್ಣ ಗೆರೆಗೂ −3 ಎಂಬ ಸಂಖ್ಯೆಗೂ ಸಂಬಂಧವಿಲ್ಲ. ಉತ್ತರದಲ್ಲಿ ಬರುವ −∞ಗೂ ಸಂಬಂಧವಿಲ್ಲ. ಎಡದಿಂದ ಬಂದರೆ −∞ ಎಂದು ನಂಬಿಕೊಂಡವರು ಈ ಗೆರೆಯನ್ನು ಉತ್ತರದ ಚಿಹ್ನೆ ಎಂದು ಓದಿಕೊಂಡಿರುತ್ತಾರೆ.

ಋಣ ಸಂಖ್ಯೆಯ ಹತ್ತಿರ ಇನ್ನೊಂದು ಗೊಂದಲ. −2ರ ಎಡಕ್ಕಿರುವುದು −2.1, ಬಲಕ್ಕಿರುವುದು −1.9. 1.9 ಎಂಬುದು 2ಕ್ಕಿಂತ ಚಿಕ್ಕದೆಂಬ ರೂಢಿಯಲ್ಲಿ −1.9 ಅನ್ನು ಎಡಕ್ಕೆ ಹಾಕುವವರು ಬಹಳ. ಸಂಖ್ಯಾರೇಖೆ ಎಳೆದು ಹತ್ತಿರದ ಬೆಲೆಗಳನ್ನು ಗುರುತು ಮಾಡಿಟ್ಟುಕೊಂಡರೆ ಈ ತಪ್ಪು ಆಗುವುದೇ ಇಲ್ಲ:

```
−2.1   [−2]   −1.9            2.9   [3]   3.1
 ಎಡ             ಬಲ             ಎಡ          ಬಲ
```

## 4. x = 3: ಒಂದೊಂದು ಅಪವರ್ತನದ ಚಿಹ್ನೆಯನ್ನೂ ಬೇರೆಯಾಗಿ ನೋಡಿ

ಇಲ್ಲಿ ಅಪವರ್ತನಗಳು ಎರಡು ಗುಂಪಾಗುತ್ತವೆ. x = 3ರಲ್ಲಿ ಸೊನ್ನೆಯಾಗದವು ಒಂದು ಗುಂಪು, ಸೊನ್ನೆಯಾಗುವುದು ಇನ್ನೊಂದು.

ಮೊದಲ ಗುಂಪಿಗೆ ನೇರವಾಗಿ 3 ಹಾಕಿ. x − 5 ಎಂಬುದು −2ರ ಹತ್ತಿರ, (x + 2)² ಎಂಬುದು 25ರ ಹತ್ತಿರ. ಮೂರರ ತೀರ ಸಮೀಪ ಎಡಕ್ಕಾಗಲಿ ಬಲಕ್ಕಾಗಲಿ ಇವುಗಳ ಚಿಹ್ನೆ ಬದಲಾಗುವುದಿಲ್ಲ. ಎರಡನೇ ಗುಂಪಿನಲ್ಲಿರುವುದು (3 − x) ಒಂದೇ. ಎಡಕ್ಕೆ x = 2.9 ಎಂದರೆ 3 − x = 0.1, ಧನ. ಬಲಕ್ಕೆ x = 3.1 ಎಂದರೆ −0.1, ಋಣ.

| ಅಪವರ್ತನ | 3ರ ಎಡಕ್ಕೆ | 3ರ ಬಲಕ್ಕೆ |
|---|---|---|
| x − 5 | − | − |
| 3 − x | + | − |
| (x + 2)² | + | + |
| f(x) | − | + |

ಎಡ ಕಾಲಂನಲ್ಲಿ ಒಂದು ಋಣ ಚಿಹ್ನೆ, ಆದ್ದರಿಂದ f ಋಣ, ಎಂದರೆ −∞. ಬಲ ಕಾಲಂನಲ್ಲಿ ಎರಡು ಋಣ ಚಿಹ್ನೆ, ಆದ್ದರಿಂದ f ಧನ, ಎಂದರೆ +∞.

ಕೋಷ್ಟಕದಲ್ಲಿ ನಡೆದದ್ದೇನು ಎಂದು ಇನ್ನೂ ಹತ್ತಿರದಿಂದ ನೋಡಬೇಕೆಂದರೆ x = 3 − h ಎಂದು ಬರೆಯಿರಿ. h ಒಂದು ಸಣ್ಣ ಧನ ಸಂಖ್ಯೆ, ಮೂರರಿಂದ ಎಡಕ್ಕಿರುವ ದೂರ.

```
f(3 − h) = (−2 − h) / [ h (5 − h)² ]
f(3 + h) = (2 − h) / [ h (5 + h)² ]
```

ಮೊದಲನೆಯದರಲ್ಲಿ ಅಂಶ −2ರ ಹತ್ತಿರ, ಛೇದ 25h ಹತ್ತಿರ. ಹಾಗಾಗಿ ಬೆಲೆ ಸುಮಾರು −0.08/h. h ಕುಗ್ಗಿದಂತೆಲ್ಲ ಇದು ಕೆಳಗೆ ಕೆಳಗೆ ಇಳಿಯುತ್ತದೆ. ಎರಡನೆಯದು ಅದೇ ರೀತಿ ಸುಮಾರು +0.08/h. ಬಲದ ಸೂತ್ರದಲ್ಲಿ (−2 + h)/(−h) ಎಂದು ಬಂದ ಎರಡು ಋಣ ಚಿಹ್ನೆಗಳು ಒಂದನ್ನೊಂದು ಕಳೆದುಕೊಂಡು (2 − h)/h ಆಗಿವೆ. ಕೋಷ್ಟಕದ ಮೇಲೆ ನಂಬಿಕೆ ಬಾರದಿದ್ದರೆ ಈ h ರೂಪವನ್ನೇ ಬಳಸಿ. ಬರಹ ಸ್ವಲ್ಪ ಹೆಚ್ಚಾಗುತ್ತದೆ, ಆದರೆ ಸಂಶಯಕ್ಕೆ ಜಾಗ ಉಳಿಯುವುದಿಲ್ಲ.

ಈ ಹಂತದಲ್ಲಿ ಹೆಚ್ಚಾಗಿ ಆಗುವ ತಪ್ಪು ಅಂಶದ ಚಿಹ್ನೆಯನ್ನು ಬಿಟ್ಟುಬಿಡುವುದು. ಗಮನವೆಲ್ಲ ಸೊನ್ನೆಯಾಗುವ ಛೇದದ ಮೇಲಿರುತ್ತದೆ. “3 − x ಧನ, ವರ್ಗವೂ ಧನ, ಆದ್ದರಿಂದ +∞” ಎಂದು ಬರೆದು ಮುಗಿಸುತ್ತಾರೆ. ಮೇಲೆ ಕೂತಿರುವ −2 ಇಡೀ ಉತ್ತರವನ್ನು ತಿರುಗಿಸುತ್ತದೆ.

## 5. x = −2: ಸಮ ಘಾತ ಬಂದಾಗ

ಈಗ x − 5 ಎಂಬುದು −7ರ ಹತ್ತಿರ, 3 − x ಎಂಬುದು 5ರ ಹತ್ತಿರ. ಸೊನ್ನೆಯಾಗುವುದು (x + 2)². ಎಡಕ್ಕೆ −2.1ರಲ್ಲಿ x + 2 = −0.1, ವರ್ಗ 0.01. ಬಲಕ್ಕೆ −1.9ರಲ್ಲಿ x + 2 = 0.1, ವರ್ಗ ಅದೇ 0.01. ಎರಡೂ ಕಡೆ ಧನ.

ಆದ್ದರಿಂದ ಎರಡೂ ಕಡೆ ಚಿಹ್ನೆ (−)/(+ · +), ಅಂದರೆ ಋಣ. ನಕ್ಷೆ ಎಡದಿಂದ ಬಂದರೂ ಬಲದಿಂದ ಬಂದರೂ −∞ ಕಡೆಗೇ ಇಳಿಯುತ್ತದೆ.

ವರ್ಗ ಕಂಡ ತಕ್ಷಣ +∞ ಎಂದು ಬರೆಯುವುದು ಇಲ್ಲಿಯ ಬಲೆ. ಸಮ ಘಾತ ಹೇಳುವುದು ಎರಡೂ ಕಡೆ ಒಂದೇ ಚಿಹ್ನೆ ಎಂದು ಮಾತ್ರ. ಆ ಚಿಹ್ನೆ ಯಾವುದು ಎಂಬುದನ್ನು ಉಳಿದ ಅಪವರ್ತನಗಳು ಹೇಳಬೇಕು. ಬೆಸ ಘಾತವಾದರೆ ಎರಡು ಕಡೆಯ ಚಿಹ್ನೆ ಬೇರೆ ಬೇರೆ. ಇದು ಒಳ್ಳೆಯ ಕಾವಲುಗಾರ: ಬೆಸ ಘಾತವಿದ್ದೂ ಎರಡು ಕಡೆ ಒಂದೇ ಉತ್ತರ ಬಂದಿದ್ದರೆ, ಅಥವಾ ಸಮ ಘಾತವಿದ್ದೂ ಬೇರೆ ಬೇರೆ ಬಂದಿದ್ದರೆ, ಕೋಷ್ಟಕದಲ್ಲಿ ಒಂದು ಚಿಹ್ನೆ ತಪ್ಪಿದೆ ಎಂದೇ ಅರ್ಥ.

## 6. ಸಂಖ್ಯೆ ಹಾಕಿ ತಾಳೆ ನೋಡಿ, ಆದರೆ ಹತ್ತಿರದ ಸಂಖ್ಯೆಯನ್ನೇ ಹಾಕಿ

3ರ ಸುತ್ತ ಬೆಲೆಗಳು ಹೀಗೆ ಬರುತ್ತವೆ:

| x | f(x), ಸುಮಾರು |
|---|---|
| 2.9 | −0.87 |
| 2.99 | −8.07 |
| 2.999 | −80.07 |
| 3.01 | 7.93 |

2.9ರಲ್ಲಿ ಬಂದ −0.87 ನೋಡಿ “ಇದೇನು ಅನಂತವೇ?” ಎಂದು ಕಂಗಾಲಾಗಬೇಡಿ. ಒಂದು ಬೆಲೆಯಿಂದ ತಿಳಿಯುವುದು ಚಿಹ್ನೆ ಮಾತ್ರ. ಬೆಳವಣಿಗೆ ಕಾಣಬೇಕಾದರೆ ಸಾಲನ್ನೇ ನೋಡಬೇಕು: ದೂರ ಹತ್ತು ಪಟ್ಟು ಕಡಿಮೆಯಾದಾಗ ಬೆಲೆ ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. −2ರ ಹತ್ತಿರ ವರ್ಗವಿರುವುದರಿಂದ ಬೆಳವಣಿಗೆ ಇನ್ನೂ ವೇಗ. −2.1ರಲ್ಲಿ ಸುಮಾರು −139 ಇದ್ದದ್ದು −2.01ರಲ್ಲಿ ಸುಮಾರು −13,992 ಆಗುತ್ತದೆ, ಹೆಚ್ಚುಕಡಿಮೆ ನೂರು ಪಟ್ಟು.

ದೂರದ ಸಂಖ್ಯೆ ಹಾಕಿದರೆ ಏನಾಗುತ್ತದೆ? 3ರ ಬಲಕ್ಕೆ ಸುಲಭವೆಂದು x = 6 ಹಾಕಿ ನೋಡಿ. f(6) = 1/[(−3)(64)] = −1/192, ಋಣ. ಇದನ್ನು ನಂಬಿದರೆ ಬಲಕ್ಕೆ −∞ ಎಂದು ಬರೆಯುತ್ತೀರಿ, ಆದರೆ ಸರಿಯುತ್ತರ +∞. ಲೆಕ್ಕದಲ್ಲಿ ತಪ್ಪಿಲ್ಲ, ಆರಿಸಿದ ಜಾಗ ತಪ್ಪು. 3 ಮತ್ತು 6ರ ನಡುವೆ x = 5ರಲ್ಲಿ ಅಂಶ ಸೊನ್ನೆಯಾಗಿ f ಚಿಹ್ನೆ ಬದಲಿಸಿಬಿಟ್ಟಿದೆ. ಆದ್ದರಿಂದ ಪರೀಕ್ಷೆಗೆ ಹಾಕುವ ಸಂಖ್ಯೆಗೂ ಅಸಿಂಪ್ಟೋಟ್‌ಗೂ ನಡುವೆ ಅಂಶದ ಅಥವಾ ಛೇದದ ಬೇರೆ ಯಾವ ಸೊನ್ನೆಯೂ ಇರಕೂಡದು. ನಮ್ಮ ಉದಾಹರಣೆಯಲ್ಲಿ ಬಲಕ್ಕೆ 3 ಮತ್ತು 5ರ ನಡುವಿನ ಯಾವ ಸಂಖ್ಯೆಯಾದರೂ ಆಗುತ್ತದೆ. 4 ಹಾಕಿದರೆ (−1)/[(−1)(36)] = 1/36, ಧನ. ಬೆಲೆ ಚಿಕ್ಕದು, ಆದರೆ ಚಿಹ್ನೆ ಸರಿ.

ತೀರ ಹತ್ತಿರ ಹೋಗುವುದೂ ಅಪಾಯವೇ. ಕ್ಯಾಲ್ಕುಲೇಟರ್ ಹಿಡಿದಿಟ್ಟುಕೊಳ್ಳುವ ಅಂಕಿಗಳಿಗೆ ಮಿತಿ ಇದೆ. 3ರಿಂದ ಬಹಳ ಚಿಕ್ಕ ಸಂಖ್ಯೆಯನ್ನು ಕಳೆದರೆ ಅದು 3 ಎಂದೇ ಉಳಿದು, ಸೊನ್ನೆಯಿಂದ ಭಾಗಿಸಿದ ದೋಷ ತೋರಿಸುತ್ತದೆ. 0.01 ಅಥವಾ 0.001 ದೂರ ಇಂಥ ಲೆಕ್ಕಗಳಿಗೆ ಸಾಕು. ಗ್ರಾಫ್ ತೋರಿಸುವ ಉಪಕರಣಗಳಲ್ಲಿ ಇನ್ನೊಂದು ತೊಡಕಿದೆ: ಕೆಲವು ಎಡದ ಕೊನೆಯ ಚುಕ್ಕೆಯನ್ನೂ ಬಲದ ಮೊದಲ ಚುಕ್ಕೆಯನ್ನೂ ಗೆರೆಯಿಂದ ಸೇರಿಸಿಬಿಡುತ್ತವೆ. ಆ ನೆಟ್ಟಗಿನ ಗೆರೆ ನಕ್ಷೆಯ ಭಾಗವಲ್ಲ.

## 7. ಉತ್ತರ ಬರೆಯುವಾಗ

```
lim (x→3⁻) f(x) = −∞        lim (x→3⁺) f(x) = +∞
lim (x→−2⁻) f(x) = −∞       lim (x→−2⁺) f(x) = −∞
```

x → 3 ಎಂದು ಎರಡೂ ಕಡೆಯಿಂದ ಕೇಳಿದರೆ ಲಿಮಿಟ್ ಇಲ್ಲ. ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ ಹೋಗುವುದರಿಂದ ±∞ ಎಂದು ಒಟ್ಟಿಗೆ ಬರೆಯುವುದೂ ಸಲ್ಲದು. x → −2ಕ್ಕೆ ಎರಡೂ ಕಡೆ ಒಂದೇ ಆದ್ದರಿಂದ −∞ ಎಂದು ಬರೆಯಬಹುದು. ಆದರೆ ∞ ಒಂದು ಸಂಖ್ಯೆಯಲ್ಲ, ಆದ್ದರಿಂದ ಆಗಲೂ ಪರಿಮಿತ ಲಿಮಿಟ್ ಇಲ್ಲ. −7/0 = −∞ ಎಂದು ಮಾತ್ರ ಯಾವತ್ತೂ ಬರೆಯಬೇಡಿ. ಸೊನ್ನೆಯಿಂದ ಭಾಗಾಕಾರ ಇಲ್ಲ, ಮತ್ತು ಹಾಗೆ ಬರೆದಾಗ ಛೇದ ಯಾವ ಕಡೆಯಿಂದ ಸೊನ್ನೆಗೆ ಬಂತು ಎಂಬ ಮುಖ್ಯ ಮಾಹಿತಿಯೇ ಕಳೆದುಹೋಗುತ್ತದೆ.

## 8. ನಾಲ್ಕೂ ಉತ್ತರಗಳನ್ನು ಒಂದೇ ನಕ್ಷೆಯಲ್ಲಿ ಕೂಡಿಸಿ

ಒಂದೊಂದೇ ಉತ್ತರ ಸರಿ ಕಂಡರೂ ಅವು ಒಂದಕ್ಕೊಂದು ಹೊಂದಬೇಕು. −2 ಮತ್ತು 3ರ ನಡುವೆ f ಎಲ್ಲೂ ಸೊನ್ನೆಯಾಗುವುದಿಲ್ಲ, x = 1ರ ತೂತಿನಲ್ಲಿ ಚಿಹ್ನೆಯೂ ಬದಲಾಗುವುದಿಲ್ಲ. ಹಾಗಿದ್ದರೆ −2ರ ಬಲಕ್ಕೂ 3ರ ಎಡಕ್ಕೂ ಒಂದೇ ಚಿಹ್ನೆ ಇರಲೇಬೇಕು. ನಮ್ಮಲ್ಲಿ ಎರಡೂ −∞, ಹೊಂದುತ್ತದೆ.

ಈಗ 3ರ ಬಲಕ್ಕೆ ಬನ್ನಿ. ನಕ್ಷೆ +∞ನಿಂದ ಇಳಿಯುತ್ತಾ x = 5ರಲ್ಲಿ ಅಕ್ಷವನ್ನು ದಾಟಿ ಋಣವಾಗುತ್ತದೆ. x ಬಹಳ ದೊಡ್ಡದಾದಾಗ f(x) ಸುಮಾರು −1/x² ಆಗಿರುವುದರಿಂದ ಅಲ್ಲಿ ಋಣವಾಗಿಯೇ ಇರಬೇಕು. ಅದೂ ಹೊಂದುತ್ತದೆ. ಎಡ ತುದಿಯಲ್ಲೂ ಸುಮಾರು −1/x², ಋಣ. ಅಲ್ಲಿಂದ −2ರವರೆಗೆ ಯಾವ ಸೊನ್ನೆಯೂ ಇಲ್ಲದ್ದರಿಂದ −2ರ ಎಡಕ್ಕೆ −∞ ಎಂಬುದೂ ಸರಿ. ಈ ತಾಳೆಯಲ್ಲಿ ಎಲ್ಲಾದರೂ ಅಕ್ಷವನ್ನು ದಾಟದೆ ಚಿಹ್ನೆ ಬದಲಾಗಬೇಕಾದ ಪರಿಸ್ಥಿತಿ ಬಂದರೆ 1ನೇ ಹಂತಕ್ಕೆ ಹಿಂತಿರುಗಿ. ಹೆಚ್ಚಿನ ಸಲ ತಪ್ಪು ಅಪವರ್ತನದಲ್ಲೇ ಇರುತ್ತದೆ.

## ಛೇದ ಬಹುಪದೋಕ್ತಿ ಅಲ್ಲದಿದ್ದರೆ

ಕ್ರಮ ಅದೇ, ಆದರೆ ಘಾತ ಎಣಿಸುವ ಬದಲು ಛೇದದ ಚಿಹ್ನೆಯನ್ನೇ ನೇರವಾಗಿ ನೋಡಬೇಕು. tan x = sin x / cos x ತೆಗೆದುಕೊಳ್ಳಿ. π/2ರ ಹತ್ತಿರ sin x ಬೆಲೆ 1ರ ಸಮೀಪ, ಧನ. cos x ಎಡಕ್ಕೆ ಧನ, ಬಲಕ್ಕೆ ಋಣ. ಆದ್ದರಿಂದ ಎಡದಿಂದ +∞, ಬಲದಿಂದ −∞. ಇಲ್ಲಿ ಕ್ಯಾಲ್ಕುಲೇಟರ್ ಬಳಸುವುದಾದರೆ ಅದು ರೇಡಿಯನ್‌ನಲ್ಲಿದೆಯೇ ನೋಡಿಕೊಳ್ಳಿ. ಡಿಗ್ರಿಯಲ್ಲಿದ್ದರೆ tan 1.57 ಸುಮಾರು 0.027 ಎಂದು ಬಂದು ಅಸಿಂಪ್ಟೋಟ್ ಇರುವ ಸುಳಿವೇ ಸಿಗುವುದಿಲ್ಲ.

ಕೆಲವು ಫಲನಗಳಿಗೆ ಒಂದು ಕಡೆ ಮಾತ್ರ ಇರುತ್ತದೆ. ln x ಸೊನ್ನೆಯ ಬಲಕ್ಕೆ −∞ಗೆ ಇಳಿಯುತ್ತದೆ, ಎಡಕ್ಕೆ ವಾಸ್ತವ ಸಂಖ್ಯೆಗಳಲ್ಲಿ ಆ ಫಲನವೇ ಇಲ್ಲ. ಅಲ್ಲಿ “ಎಡದಿಂದ +∞” ಎಂದು ಜೋಡಿ ಹೊಂದಿಸಲು ಹೋಗಬಾರದು. ಹೀಗೆಯೇ 1/√(x − 2)ಗೆ 2ರ ಬಲ ಬದಿ ಮಾತ್ರ ಉಂಟು.

ಇವೆಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು e^(1/x). ಸೊನ್ನೆಯ ಬಲಕ್ಕೆ 1/x ಎಂಬುದು +∞ ಕಡೆಗೆ ಹೋಗುವುದರಿಂದ e^(1/x) ಕೂಡ +∞: x = 0.1 ಆದಾಗ ಅದು e¹⁰, ಸುಮಾರು 22,026. ಎಡಕ್ಕೆ 1/x ಎಂಬುದು −∞ ಕಡೆಗೆ ಹೋಗುತ್ತದೆ. ಆಗ e^(1/x) ಸೊನ್ನೆಯ ಕಡೆಗೆ ಕುಗ್ಗುತ್ತದೆ: x = −0.1ರಲ್ಲಿ ಸುಮಾರು 0.000045. ಒಳಗಿನ 1/x −∞ಗೆ ಹೋಯಿತೆಂದು ಹೊರಗಿನ ಉತ್ತರವನ್ನೂ −∞ ಎಂದು ಬರೆಯುವವರಿದ್ದಾರೆ, ಆದರೆ e ಮೇಲೆ ಯಾವ ವಾಸ್ತವ ಘಾತ ಹಾಕಿದರೂ ಋಣ ಬೆಲೆ ಬರುವುದಿಲ್ಲ. x = 0 ಇಲ್ಲಿ ಲಂಬ ಅಸಿಂಪ್ಟೋಟ್ ಹೌದು, ಏಕೆಂದರೆ ಒಂದು ಕಡೆಯ ಲಿಮಿಟ್ ಅನಂತಕ್ಕೆ ಹೋದರೆ ಅಷ್ಟು ಸಾಕು. ಎಡದಿಂದ ಬರುವ ನಕ್ಷೆ ಮಾತ್ರ ಆ ಗೆರೆಯ ಉದ್ದಕ್ಕೆ ಓಡದೆ ಮೂಲಬಿಂದುವಿಗೆ ಬಂದು ನಿಲ್ಲುತ್ತದೆ. ನಕ್ಷೆ ಬರೆಯುವಾಗ ಅಲ್ಲಿ ಒಂದು ಖಾಲಿ ವೃತ್ತ ಹಾಕಿ.